27 ವರ್ಷದ ಹೆಂಡತಿಗೆ ಕಾರ್ಡ್‌ನಲ್ಲಿ ಏನು ಬರೆಯಲಿ?

ಕ್ಯಾಶ್_ಕೌಂಟರ್ · ಫೆಬ್ರವರಿ 9, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಗಬೇಡಿ ಅಂತ ಹೇಳೋದಿಲ್ಲ, ಹೇಳಿದರೂ ನಗುತ್ತೀರಿ.

ಮನೆ ಧಾರವಾಡ, ಕೆಲಸ ಹುಬ್ಬಳ್ಳಿ. ದಿನಾ ಚಿಗರಿ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ವಯಸ್ಸು 54. ನಾನು ಮಾತು ಕಡಿಮೆ ಮನುಷ್ಯ. ಮನೆಯಲ್ಲಿ ಇನ್ನೂ ಕಡಿಮೆ. ಹೆಂಡತಿಗೆ ಇವತ್ತಿನವರೆಗೆ ಹಬ್ಬಕ್ಕೆ ಸೀರೆ ಕೊಡಿಸಿದ್ದೇನೆ, ಜ್ವರ ಬಂದಾಗ ಮಾತ್ರೆ ತಂದಿದ್ದೇನೆ. ಆದರೆ ಬಾಯಿ ಬಿಟ್ಟು ಒಂದು ಮಾತು ಅಂತ ಹೇಳಿಲ್ಲ.

ಮೊನ್ನೆ ಕೊಪ್ಪಿಕರ್ ರಸ್ತೆಯಲ್ಲಿ ಪೆನ್ನಿನ ರೀಫಿಲ್ ತರಲು ಹೋದವನು ಯಾಕೋ ಏನೋ ಒಂದು ಪ್ರೇಮಿಗಳ ದಿನದ ಕಾರ್ಡ್ ತಗೊಂಡು ಬಂದುಬಿಟ್ಟೆ. 120 ರೂಪಾಯಿ. ಮೇಲೆ ಕೆಂಪು ಹೃದಯ, ಒಳಗೆ ಬಲಬದಿ ಇಂಗ್ಲಿಷ್ ಪದ್ಯ, ಎಡಬದಿ ಖಾಲಿ. ಆ ಖಾಲಿ ಜಾಗದ್ದೇ ತೊಂದರೆ. ನಾಲ್ಕು ದಿನದಿಂದ ಬ್ಯಾಗಿನಲ್ಲಿ ಹೊತ್ತುಕೊಂಡು ತಿರುಗುತ್ತಿದ್ದೇನೆ.

ಒಂದು ಬರೆದಿದ್ದೇನೆ, ನೋಡಿ ಹೇಳಿ:

«ನನ್ನ ಪ್ರೀತಿಯ ಬಾಳಸಂಗಾತಿಗೆ, ಕಳೆದ 27 ವರ್ಷಗಳಿಂದ ನನ್ನ ಸುಖದುಃಖಗಳಲ್ಲಿ ಸಮಭಾಗಿಯಾಗಿ, ನನ್ನ ತಂದೆತಾಯಿಯರ ಸೇವೆಗೈದು, ಮಕ್ಕಳನ್ನು ಸುಸಂಸ್ಕೃತರನ್ನಾಗಿ ಬೆಳೆಸಿದ ನಿನಗೆ ನಾನು ಸದಾ ಚಿರಋಣಿ. ನಿನ್ನ ತ್ಯಾಗ ಮತ್ತು ಸಹನೆಗೆ ಬೆಲೆ ಕಟ್ಟಲಾಗದು. ನನ್ನಿಂದ ಏನಾದರೂ ತಪ್ಪಾಗಿದ್ದರೆ ಕ್ಷಮಿಸು. ದೇವರು ನಿನಗೆ ಆಯುರಾರೋಗ್ಯ ಕರುಣಿಸಲಿ. ಇಂತಿ ನಿನ್ನವ.»

ಉಣಕಲ್_ಪೋರ

27 ವರ್ಷದ ಹೆಂಡತಿ ಅಂದ್ರೆ ಹೊಸ ಮದುವೆ ಅಲ್ವಾ ಸರ್? ಈಗಿನವರಿಗೆ ಕಾರ್ಡ್ ಎಲ್ಲಾ ಹಳೇದು. ಒಂದು ಚಲೋ ರೀಲ್ ಮಾಡಿ ಹಾಕಿ. ಉಣಕಲ್ ಕೆರೆ ಹತ್ತಿರ ಸಂಜೆ ಲೈಟಿಂಗ್ ಮಸ್ತ್ ಬರುತ್ತೆ.

ಬ್ಯಾಡಗಿ_ಖಾರ

ತಮ್ಮಾ, ಪೂರ್ತಿ ಓದು. ಮದುವೆಯಾಗಿ 27 ವರ್ಷ. ಅವರಿಗೆ 54.

ಉಣಕಲ್_ಪೋರ

ಅಯ್ಯೋ ಸಾರಿ ಮಾಮಾ. ಶೀರ್ಷಿಕೆ ನೋಡಿ ಗಾಬರಿ ಆಗಿದ್ದೆ.

ಬ್ಯಾಡಗಿ_ಖಾರ

ಇನ್ನು ಬರಹದ ವಿಷಯ. ಅಣ್ಣಾವ್ರೇ, ಇದರ ಕೆಳಗೆ "ಅಧ್ಯಕ್ಷರು, ಕಾರ್ಯದರ್ಶಿಗಳು ಹಾಗೂ ಸರ್ವ ಸದಸ್ಯರು" ಅಂತ ಹಾಕಿ ಫ್ರೇಮ್ ಕಟ್ಟಿಸಿಬಿಡಿ. ಜೊತೆಗೆ ಒಂದು ಶಾಲು, ಒಂದು ಏಲಕ್ಕಿ ಮಾಲೆ. ಮಾಲೆ ನಮ್ಮ ಹಾವೇರಿಯಿಂದ ನಾನೇ ಕಳಿಸುತ್ತೇನೆ.

ಗದಗ_ಮೊಳೆಗಾರ · ಫೆಬ್ರವರಿ 9, ರಾತ್ರಿ 11:25

ಬ್ಯಾಡಗಿಯವರು ಚಾಷ್ಟಿ ಮಾಡಿದರೂ ಸರಿಯಾಗಿಯೇ ಹೇಳಿದ್ದಾರೆ. ನಾನು ಗದಗಿನ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಮೊಳೆ ಜೋಡಿಸುವುದರಿಂದ ಶುರು ಮಾಡಿದವನು. ಆಮೇಲೆ ಕಂಪ್ಯೂಟರ್ ಬಂತು, ಅದನ್ನೂ ಕಲಿತೆ. ಲಗ್ನಪತ್ರಿಕೆ, ಸನ್ಮಾನ ಪತ್ರ, ಶ್ರದ್ಧಾಂಜಲಿ ಕಾರ್ಡ್ ಎಷ್ಟು ಮಾಡಿದ್ದೇನೋ ಲೆಕ್ಕವಿಲ್ಲ. ಸನ್ಮಾನ ಪತ್ರಕ್ಕೆ ನಮ್ಮಲ್ಲಿ ಒಂದು ಸಿದ್ಧ ಮಜಕೂರು ಇರುತ್ತಿತ್ತು. ನಿವೃತ್ತ ಹೆಡ್‌ಮಾಸ್ತರ್ ಬಂದರೆ ಹೆಸರು, ಊರು ಬದಲಿಸುವುದು, ಉಳಿದದ್ದು ಹಾಗೇ. ನಿಮ್ಮ ಬರಹ ಅದೇ ಜಾತಿಯದ್ದು. "ತಂದೆತಾಯಿಯರ ಸೇವೆ" ತೆಗೆದು "ವಿದ್ಯಾರ್ಥಿಗಳ ಸೇವೆ" ಹಾಕಿದರೆ ಹೆಡ್‌ಮಾಸ್ತರರಿಗೆ ನಡೆಯುತ್ತದೆ.

ತಪ್ಪು ನಿಮ್ಮದಲ್ಲ. ನಾಚಿಕೆ ಇರುವವರು ಪೆನ್ನು ಹಿಡಿದರೆ ಮೊದಲು ಬರುವುದು ಇಂಥ ಭಾಷೆಯೇ. ಯಾಕೆಂದರೆ ಅದರ ಹಿಂದೆ ಅಡಗಿಕೊಳ್ಳಬಹುದು. ಒಂದು ಪರೀಕ್ಷೆ ಮಾಡಿ ನೋಡಿ: ಇದೇ ಕಾರ್ಡನ್ನು ನಿಮ್ಮ ಆಫೀಸಿನ ಪಕ್ಕದ ಕೌಂಟರಿನವರು ಅವರ ಮನೆಯವರಿಗೆ ಕೊಟ್ಟರೆ ನಡೆಯುತ್ತದೆಯೇ? ನಡೆಯುತ್ತದೆ ಅಂದರೆ ಅದು ನಿಮ್ಮ ಮನೆಯವರ ಕಾರ್ಡ್ ಅಲ್ಲ.

ಹಾವೇರಿ_ಅಕ್ಕ

ಓದುವ ಕಡೆಯಿಂದ ನಾನೊಂದು ಮಾತು ಹೇಳುತ್ತೇನೆ. ಆ "ತಪ್ಪಾಗಿದ್ದರೆ ಕ್ಷಮಿಸು" ಅನ್ನೋದನ್ನು ಮೊದಲು ತೆಗೆಯಿರಿ ಅಣ್ಣಾ.

ನಮ್ಮವರು ಒಂದು ಸಲ ಹೀಗೇ ಬರೆದಿದ್ದರು. ಆಗ ಮದುವೆಯಾಗಿ ಹದಿನೈದು ವರ್ಷ. ಜನ್ಮದಲ್ಲಿ ಏನೂ ಬರೆಯದ ಮನುಷ್ಯ ಇದ್ದಕ್ಕಿದ್ದಂತೆ "ನನ್ನಿಂದ ತಪ್ಪಾಗಿದ್ದರೆ ಕ್ಷಮಿಸು" ಅಂತ ಚೀಟಿ ಬರೆದು ರೊಟ್ಟಿ ಬುಟ್ಟಿ ಮೇಲೆ ಇಟ್ಟು ಆಫೀಸಿಗೆ ಹೋಗಿದ್ದಾರೆ. ನನಗೆ ಕೈಕಾಲು ತಣ್ಣಗಾಯಿತು. ಬ್ಯಾಂಕಿನ ಪಾಸ್‌ಬುಕ್ ನೋಡಿದೆ. ಕಪಾಟಿನಲ್ಲಿ ಡಾಕ್ಟರ್ ಫೈಲ್ ಹುಡುಕಿದೆ. ಯಾರಿಗಾದರೂ ಜಾಮೀನು ನಿಂತರೇನೋ ಅಂತ ಮೈದುನನಿಗೆ ಫೋನ್ ಮಾಡಿದೆ. ಸಂಜೆ ಕೇಳಿದರೆ "ಏನಿಲ್ಲ, ಸುಮ್ನೆ ಬರೆದೆ" ಅಂದರು. ಸುಮ್ನೆ ಅಂತೆ!

ಮಾತಾಡದ ಗಂಡ ಏಕಾಏಕಿ ಬರೆದರೆ ಹೆಂಡತಿಗೆ ಮೊದಲು ಬರುವುದು ಸಂತೋಷ ಅಲ್ಲ, ಅನುಮಾನ. ಕ್ಷಮೆ, ಋಣ, ಆಯುರಾರೋಗ್ಯ ಎಲ್ಲಾ ಸೇರಿದರೆ ಎಲ್ಲೋ ಹೊರಟು ನಿಂತವರು ಬರೆದಂತಿದೆ.

ಕ್ಯಾಶ್_ಕೌಂಟರ್

ಅಕ್ಕಾರೇ, ಇದು ಹೊಳೆದೇ ಇರಲಿಲ್ಲ. ನಮ್ಮಾಕೆಯೂ ಮೊದಲು ಪಾಸ್‌ಬುಕ್ಕೇ ನೋಡುತ್ತಾಳೆ. ತೆಗೆದೆ.

ಸಪ್ತಾಪುರ_ಮಾಮಾ

ನಾನು 71ರವನು. ಈ ದಿನವೇ ನಮ್ಮದಲ್ಲ, ಅದರ ಚರ್ಚೆ ಬೇರೆ. ನಮ್ಮ ಕಾಲದಲ್ಲೂ ಗಂಡ ಹೆಂಡತಿಗೆ ಪತ್ರ ಬರೆಯುತ್ತಿದ್ದರು, ಅದಕ್ಕೊಂದು ರೀತಿ ಇತ್ತು. ನಮ್ಮ ತಂದೆ ಪರಸ್ಥಳದಲ್ಲಿ ನೌಕರಿ ಮಾಡುವಾಗ ತಾಯಿಗೆ ಬರೆದ ಇನ್‌ಲ್ಯಾಂಡ್ ಪತ್ರಗಳು ನನ್ನ ಹತ್ತಿರ ಇವೆ. ಮೇಲೆ "ಚಿ. ಸೌ." ಅಂತ ಹಾಕಿ ಹೆಸರು, "ಅನೇಕ ಆಶೀರ್ವಾದಗಳು", "ಇತ್ತ ಕ್ಷೇಮ". ಹೆಂಡತಿಗೇ ಆಶೀರ್ವಾದ! ಆಮೇಲೆ ಜೋಳದ ಧಾರಣಿ, ಎತ್ತಿನ ಕಾಲು ನೋವು, ಮಾವನವರ ಕೆಮ್ಮು. ಕೊನೆಗೆ ಮಡಿಚುವ ಅಂಚಿನಲ್ಲಿ ಜಾಗ ಸಾಲದೆ ಸಣ್ಣದಾಗಿ ಒಂದು ಸಾಲು: "ಬೆಳಗಿನ ಜಾವ ನೀರಿಗೆ ಹೋಗುವಾಗ ಶಾಲು ಹೊದ್ದುಕೊಂಡು ಹೋಗು."

ಹಳೇ ಪದ್ಧತಿ ಪ್ರಕಾರ ಬರೆದರೆ ಗೌರವ ಇರುತ್ತದೆ. "ಚಿ. ಸೌ." ಅಂತಲೇ ಶುರು ಮಾಡಿ.

ಗದಗ_ಮೊಳೆಗಾರ

ಮಾಮಾ, ನಿಮ್ಮ ತಾಯಿಯವರು ಆ ಪತ್ರಗಳನ್ನು ಇಟ್ಟುಕೊಂಡದ್ದು ಚಿ. ಸೌ.ಗಾಗಿ ಅಲ್ಲ, ಶಾಲಿಗಾಗಿ. ಆ ಅಂಚಿನ ಸಾಲು ಒಂದೇ ಸಾಕಿತ್ತು.

ಸಪ್ತಾಪುರ_ಮಾಮಾ

ಇರಬಹುದು. ಆದರೆ ಉಳಿದ ಪತ್ರ ಇಲ್ಲದೆ ಆ ಸಾಲು ಬರೆಯಲು ಅವರಿಗೆ ಧೈರ್ಯ ಬರುತ್ತಿರಲಿಲ್ಲ.

ಬೆಟಗೇರಿ_ಸೊಸೆ

ಮಾಮಾ ಹೇಳಿದ್ದು ಮನಸ್ಸಿಗೆ ಹತ್ತಿತು.

ನನ್ನದೊಂದು ಐಡಿಯಾ. ನಮ್ಮ ಕಡೆ ಮದುವೆಯಲ್ಲಿ ಒಡಪು ಹೇಳಿ ಹೆಸರು ಹೇಳುತ್ತಾರಲ್ಲ, ಹಾಗೆ ಒಂದು ಒಡಪು ಬರೆದರೆ? ಪ್ರಾಸ ಇದ್ದರೆ ನಾಚಿಕೆಯವರಿಗೆ ಸುಲಭ. «ಹುಬ್ಬಳ್ಳಿ ಬಸ್ಸಿಗೆ ಹೋಗೋದು ದಿನಾ ಮುಂಜಾನೆ, ಇವಳ ಹೆಸರ ಹೇಳ್ತೀನಿ ಇವಳೇ ನನ್ನ ಖಜಾನೆ.» ಈಗ ಕೂತಲ್ಲೇ ಕಟ್ಟಿದ್ದು. ಕ್ಯಾಶ್ ಕೌಂಟರಿನವರಿಗೆ ಖಜಾನೆ ಸರಿಯಾಗುತ್ತೆ ಅಲ್ವಾ?

ಲೈನ್_ಬಜಾರ

ಖಜಾನೆ ಸೂಪರ್ 😂 ಜೊತೆಗೆ ಅರ್ಧ ಕೆಜಿ ಫೇಡೆ ತಗೊಂಡು ಹೋಗಿ ಸರ್. ಬರೆದದ್ದು ಸರಿ ಇಲ್ಲದಿದ್ದರೂ ನಡೆಯುತ್ತೆ. ಬೆಳಿಗ್ಗೆ ಬೇಗ ಹೋಗಿ, ಆಮೇಲೆ ಪಾಳಿ ಜಾಸ್ತಿ.

ಬ್ಯಾಡಗಿ_ಖಾರ

ಒಡಪು ಹೇಳುವುದು ನಾಲ್ಕು ಮಂದಿ ಕೇಳಲಿ ಅಂತ. ಬಾಗಿಲು ಅಡ್ಡಗಟ್ಟಿ ನಿಂತು ಅತ್ತಿಗೆ, ನಾದಿನಿ ಎಲ್ಲಾ ನಗಬೇಕು. ಈ ಕಾರ್ಡ್ ಒಬ್ಬರೇ ಓದುವುದು. ಖಾಲಿ ಅಡುಗೆಮನೆಯಲ್ಲಿ ಒಬ್ಬರೇ ನಿಂತು ಒಡಪು ಓದಿದರೆ ಹೇಗಿರುತ್ತದೆ ಯೋಚನೆ ಮಾಡಿ.

ಬೆಟಗೇರಿ_ಸೊಸೆ

ನಾನಾದರೆ ನಗುತ್ತಿದ್ದೆ. ನಗಿಸಿದರೆ ತಪ್ಪೇನು?

ಕ್ಯಾಶ್_ಕೌಂಟರ್ · ಫೆಬ್ರವರಿ 10, ಮಧ್ಯಾಹ್ನ 2:15

ಊಟದ ಬಿಡುವಿನಲ್ಲಿ ಇನ್ನೊಂದು ಬರೆದೆ. ಸನ್ಮಾನ ಪತ್ರ ಆಗಬಾರದು ಅಂತ ನಮ್ಮ ಮನೆಯ ವಿಷಯವನ್ನೇ ಹಾಕಿದ್ದೇನೆ:

«ನೀನು ಮಾಡುವ ಎಣ್ಣೆಗಾಯಿ, ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇಡೀ ಧಾರವಾಡದಲ್ಲಿ ಎಲ್ಲೂ ಸಿಗುವುದಿಲ್ಲ. ದಿನಾ 6 ಗಂಟೆಗೆ ಎದ್ದು ಡಬ್ಬಿ ಕಟ್ಟುತ್ತೀ. ನಿನಗೆ ತುಂಬಾ ಧನ್ಯವಾದ.»

ಹಾವೇರಿ_ಅಕ್ಕ

ಇದು ಖಾನಾವಳಿಯವರಿಗೆ ಬರೆದ ಹಾಗಿದೆಯಲ್ರೀ!

ಬ್ಯಾಡಗಿ_ಖಾರ

ಅಕ್ಕಾರೇ, ಇಲ್ಲಿ ನಾನು ಒಪ್ಪಲ್ಲ. ನಮ್ಮ ಮನೆಗಳಲ್ಲಿ ರೊಟ್ಟಿ ಬಡಿಯುವುದೇ ಪ್ರೀತಿ. ಅದನ್ನು ಹೇಳದೆ ಇನ್ನೇನು ಹೇಳುತ್ತಾರೆ? ಚಂದ್ರ, ಚುಕ್ಕೆ ಹೇಳಬೇಕಾ?

ಹಾವೇರಿ_ಅಕ್ಕ

ರೊಟ್ಟಿಗೆ ಧನ್ಯವಾದ ಬೇಕು. ದಿನಾ ಬೇಕು, ಊಟಕ್ಕೆ ಕೂತಾಗ ಬೇಕು. ಆದರೆ ವರ್ಷಕ್ಕೊಂದು ಕಾರ್ಡ್ ಬಂದು ಅದರಲ್ಲೂ ನನ್ನ ಕೆಲಸದ ಪಟ್ಟಿಯೇ ಇದ್ದರೆ ನಾಳೆಯೂ 6ಕ್ಕೆ ಏಳು ಅಂದ ಹಾಗೆ ಆಗುತ್ತದೆ. ನಾನು ಏನು ಮಾಡುತ್ತೇನೆ ಅನ್ನೋದು ನನಗೆ ಗೊತ್ತು. ನನ್ನನ್ನು ಅವರು ನೋಡುತ್ತಾರೋ ಇಲ್ಲವೋ, ಅದು ಗೊತ್ತಿಲ್ಲ.

ಬ್ಯಾಡಗಿ_ಖಾರ

ಹೆಂಡತಿಗೆ ಕೇಳಿದೆ. "ನೀವು ಅಷ್ಟಾದರೂ ಬರೀರಿ ನೋಡೋಣ" ಅಂದಳು. ಹಾಗಾಗಿ ನನ್ನ ಮಾತಿಗೆ ನಾನು ನಿಲ್ಲುತ್ತೇನೆ.

ಗದಗ_ಮೊಳೆಗಾರ · ಫೆಬ್ರವರಿ 10, ಸಂಜೆ 7:50

ಕ್ಯಾಶ್ ಸಾಹೇಬರೇ, ಅಕ್ಕ ಹೇಳಿದ "ನೋಡುತ್ತಾರೋ ಇಲ್ಲವೋ" ಅನ್ನೋದನ್ನೇ ಹಿಡಿಯೋಣ. ಕಾರ್ಡ್ ಪಕ್ಕಕ್ಕಿಡಿ. ನನಗೆ ಇದೊಂದಕ್ಕೆ ಉತ್ತರ ಹೇಳಿ: ನಿಮ್ಮ ಮನೆಯವರು ಮಾಡುವ ಯಾವ ಸಣ್ಣ ಕೆಲಸ ನಿಮಗೆ ಗೊತ್ತಿದೆ, ಆದರೆ ನಿಮಗೆ ಗೊತ್ತಿದೆ ಅಂತ ಅವರಿಗೆ ಗೊತ್ತಿಲ್ಲ?

ಕ್ಯಾಶ್_ಕೌಂಟರ್ · ಫೆಬ್ರವರಿ 10, ರಾತ್ರಿ 11:05

ಬಹಳ ಹೊತ್ತು ಯೋಚನೆ ಮಾಡಿದೆ. ಒಂದಿದೆ. ಬಹಳ ಸಣ್ಣದು.

ಮದುವೆಯಾದ ಹೊಸದರಲ್ಲಿ ಒಂದು ದಿನ ಪೇಪರ್ ಮೊದಲೇ ಬಿಚ್ಚಿ ಹಾಳೆ ಹಿಂದುಮುಂದು ಆಗಿತ್ತು. ನಾನು "ಬಿಚ್ಚಿದ ಪೇಪರ್ ಓದಲು ಬೇಸರ" ಅಂತ ಅಂದೆ. ಸಿಟ್ಟಿನಿಂದ ಅಲ್ಲ, ಸುಮ್ನೆ ಅಂದದ್ದು. ಅವತ್ತಿನಿಂದ ಪೇಪರ್ ನನ್ನ ಕೈಗೆ ಹೊಸದರ ಹಾಗೆ ಬರುತ್ತದೆ, ಗೆರೆ ಮೇಲೆ ಗೆರೆ ಮಡಚಿ. ಅವಳು ಪೇಪರ್ ಓದುವುದನ್ನು ಬಿಟ್ಟಳು ಅಂದುಕೊಂಡಿದ್ದೆ.

ಆದರೆ ಅವಳು ಬಿಟ್ಟಿಲ್ಲ. ಹುಡುಗ ಪೇಪರ್ ಎಸೆದು ಹೋಗುವುದು ಮುಂಜಾನೆ ಐದೂ ಮುಕ್ಕಾಲಿಗೆ. ನಾನು ಏಳುವುದು ಆರೂವರೆಗೆ. ಅಷ್ಟರಲ್ಲಿ ಒಗ್ಗರಣೆ ನಡುವೆ ಓದಿ, ಮಡಚಿ, ಟೀಪಾಯ್ ಮೇಲೆ ಇಡುತ್ತಾಳೆ. ಹೇಗೆ ಗೊತ್ತು ಅಂದರೆ ಮೂರನೇ ಪುಟದ ಕೆಳಗಿನ ಮೂಲೆಯಲ್ಲಿ ಅರಿಶಿನದ ಬೆರಳು ಹತ್ತಿರುತ್ತದೆ. ಊರಿನ ಸುದ್ದಿ ಆ ಪುಟದಲ್ಲಿ ಬರುತ್ತದೆ. ದಿನಾ ಅಲ್ಲ, ವಾರದಲ್ಲಿ ಮೂರು ನಾಲ್ಕು ದಿನ. ನಾನು ಮೊದಲು ಆ ಪುಟ ತೆಗೆದು ನೋಡುತ್ತೇನೆ. ಆಮೇಲೆ ಹೆಡ್‌ಲೈನ್.

ಇದನ್ನು ಅವಳಿಗೆ ಯಾವತ್ತೂ ಹೇಳಿಲ್ಲ. ಇದು ಕಾರ್ಡ್‌ನಲ್ಲಿ ಬರೆಯುವ ವಿಷಯವೇ?

ಹಾವೇರಿ_ಅಕ್ಕ

ಅಣ್ಣಾ. ಇದೇ ವಿಷಯ.

ಉಣಕಲ್_ಪೋರ

ಮಾಮಾ ನಾನು ಹಾಸ್ಟೆಲ್‌ನಲ್ಲಿ ಕೂತು ಕಣ್ಣು ಒರೆಸಿಕೊಂಡೆ. ರೀಲ್ ಮಾತು ವಾಪಸ್.

ಸಪ್ತಾಪುರ_ಮಾಮಾ

ಪೇಪರ್ ಹೇಗಿದ್ದರೂ ನಡೆಯುತ್ತದೆ ಅಂತ 27 ವರ್ಷದ ಹಿಂದೆಯೇ ಹೇಳಿದ್ದರೆ ಆ ತಾಯಿಗೆ ಅಷ್ಟು ತ್ರಾಸ ಇರುತ್ತಿರಲಿಲ್ಲ. ಅದನ್ನೂ ಯೋಚಿಸಿ.

ಕ್ಯಾಶ್_ಕೌಂಟರ್ · ಫೆಬ್ರವರಿ 11, ಬೆಳಿಗ್ಗೆ 8:40

ಮಾಮಾ, ನೀವು ಹೇಳಿದ್ದು ರಾತ್ರಿಯೆಲ್ಲಾ ಕೊರೆಯಿತು. ನಿಜ. ಬಸ್ಸಿನಲ್ಲಿ ಕೂತು ಬರೆದೆ:

«ಪ್ರಿಯೆ, ದಿನಪತ್ರಿಕೆಯನ್ನು ನೀನೇ ಮೊದಲು ಓದಿ ಮಡಚಿಡುತ್ತೀಯೆ ಎಂದು ನನಗೆ ತಿಳಿದಿದೆ. ಮೂರನೆಯ ಪುಟದಲ್ಲಿ ಅರಿಶಿನ ಅಂಟಿರುತ್ತದೆ. ನಾನು ನಿನ್ನನ್ನು ತುಂಬಾ ಪ್ರೀತಿಸುತ್ತೇನೆ.»

ಗದಗ_ಮೊಳೆಗಾರ

ವಿಷಯ ಬಂತು, ಧ್ವನಿ ಬಂದಿಲ್ಲ. ನೀವು ಮನೆಯಲ್ಲಿ "ಪ್ರಿಯೆ" ಅಂತ ಕರೆಯುತ್ತೀರಾ? "ತಿಳಿದಿದೆ" ಅನ್ನುತ್ತೀರಾ? ಬಾಯಲ್ಲಿ ಹೇಗೆ ಬರುತ್ತದೋ ಹಾಗೇ ಬರೆಯಿರಿ, ಕಾಗುಣಿತದ ಕಡೆ ನೋಡಬೇಡಿ. ನೀವು ಅದ ಅನ್ನೋ ಪೈಕಿನೋ, ಐತಿ ಅನ್ನೋ ಪೈಕಿನೋ?

ಕ್ಯಾಶ್_ಕೌಂಟರ್

ಐತಿ. ಕರೆಯುವುದು ಅಂದರೆ… ಹೆಸರು ಹಿಡಿದು ಕರೆದದ್ದೇ ಇಲ್ಲ. "ಇಲ್ಲಿ ಕೇಳ" ಅಂತೀನಿ. ಅವಳು "ರೀ" ಅಂತಾಳೆ. ಅಷ್ಟೇ ನಮ್ಮ ವ್ಯವಹಾರ.

ಬೆಟಗೇರಿ_ಸೊಸೆ

ಅಣ್ಣಾ, ಹೆಸರು ಬರೆಯಿರಿ! ಮದುವೆಯಲ್ಲಿ ಹೆಸರು ಬದಲಿಸಿದ್ದರಾ? ಬದಲಿಸಿದ್ದರೆ ತವರಿನ ಹೆಸರು ಬರೆಯಿರಿ. ನನಗೆ ಅತ್ತೆ ಮನೆಯಲ್ಲಿ ಬೇರೆ ಹೆಸರು ಇಟ್ಟರು. ನನ್ನ ಹಳೇ ಹೆಸರು ಈಗ ಅಣ್ಣನ ಬಾಯಲ್ಲಿ ಮಾತ್ರ ಇದೆ. ಅದನ್ನು ಗಂಡ ಬರೆದು ಕೊಟ್ಟರೆ ನಾನು ಆ ಕಾಗದವನ್ನು ಟ್ರಂಕಿನಲ್ಲಿ ಇಡುತ್ತೇನೆ.

ಹಾವೇರಿ_ಅಕ್ಕ

ಇದರಲ್ಲಿ ಹುಷಾರು. ಎಲ್ಲರಿಗೂ ಹಾಗಿರೋದಿಲ್ಲ. ನನಗೂ ಹೆಸರು ಬದಲಿಸಿದ್ದಾರೆ. ಹಳೇ ಹೆಸರಿನ ಹುಡುಗಿ ಬೇರೆ, ಅವಳು ನನ್ನ ಅಪ್ಪನ ಮನೆಯವಳು. ಅದನ್ನು ಇವರು ಮುಟ್ಟಿದರೆ ನನಗೆ ಸರಿ ಅನಿಸಲ್ಲ.

ಕ್ಯಾಶ್_ಕೌಂಟರ್

ಬದಲಿಸಿದ್ದಾರೆ. ಹಳೇ ಹೆಸರು ನನಗೆ ಗೊತ್ತು. ಆದರೆ ಈಗ ಅದಕ್ಕೆ ಕೈ ಹಾಕುವುದಿಲ್ಲ. "ಇಲ್ಲಿ ಕೇಳ" ಅಂತಲೇ ಶುರು ಮಾಡುತ್ತೇನೆ. ಅದು ಓದಿದರೆ ನನ್ನ ದನಿಯೇ ಕೇಳುತ್ತದೆ.

ಗದಗ_ಮೊಳೆಗಾರ

ಸರಿಯಾದ ತೀರ್ಮಾನ. ಇನ್ನು ಆ ಕೊನೆಯ "ಪ್ರೀತಿಸುತ್ತೇನೆ" ತೆಗೆದುಬಿಡಿ. ಅರಿಶಿನದಲ್ಲೇ ಎಲ್ಲಾ ಬಂತು.

ಹಾವೇರಿ_ಅಕ್ಕ

ಇಲ್ಲ ಇಲ್ಲ, ತೆಗೆಯಬೇಡಿ! 27 ವರ್ಷ ಅವರು ಬರೀ ಊಹೆ ಮಾಡಿಕೊಂಡೇ ಬಂದಿದ್ದಾರೆ. ಕಾರ್ಡ್‌ನಲ್ಲೂ ಊಹೆ ಮಾಡಬೇಕಾ? ಎಲ್ಲಾದರೂ ಒಂದು ಕಡೆ ಸೀದಾ ಹೇಳಬೇಕು. ಗಂಡಸರಿಗೆ ಸೂಚನೆ ಕೊಟ್ಟು ತಪ್ಪಿಸಿಕೊಳ್ಳುವುದು ಬಹಳ ರೂಢಿ.

ಗದಗ_ಮೊಳೆಗಾರ

ಸೋತೆ ಅಕ್ಕಾರೇ. ಹೇಳಲಿ. ಆದರೆ ಆ ಪದ ಬೇಡ. ಮನೆ ಮಾತಿನ ನಡುವೆ "ಪ್ರೀತಿಸುತ್ತೇನೆ" ಬಂದರೆ ರೊಟ್ಟಿಯಲ್ಲಿ ಹರಳು ಸಿಕ್ಕ ಹಾಗೆ.

ಬ್ಯಾಡಗಿ_ಖಾರ

ನಮ್ಮ ಅಜ್ಜಿ "ಅವಂಗ ಅಕಿ ಮ್ಯಾಲೆ ಭಾಳ ಜೀವ" ಅನ್ನುತ್ತಿದ್ದಳು. ಯಾರಾದರೂ ಯಾರನ್ನಾದರೂ ಬಹಳ ಹಚ್ಚಿಕೊಂಡರೆ. ಪ್ರೀತಿ ಅನ್ನೋ ಶಬ್ದ ಅವಳ ಬಾಯಲ್ಲಿ ಕೇಳಿದ್ದೇ ನೆನಪಿಲ್ಲ.

ಗದಗ_ಮೊಳೆಗಾರ

ಖಾರದವರೇ, ಮೂರು ದಿನದಲ್ಲಿ ನೀವು ಹೇಳಿದ ಒಂದೇ ಒಳ್ಳೆಯ ಮಾತು ಇದು.

ಕ್ಯಾಶ್_ಕೌಂಟರ್ · ಫೆಬ್ರವರಿ 11, ರಾತ್ರಿ 10:30

ಹೀಗೆ ಆಗಿದೆ:

«ಇಲ್ಲಿ ಕೇಳ,
ಪೇಪರ್ ಮೊದಲ ನೀನ ಓದಿ ಮಡಚಿ ಇಡ್ತಿ ಅಂತ ನನಗ ಗೊತ್ತೈತಿ. ಮೂರನೇ ಪುಟಕ್ಕ ಅರಿಷಿಣ ಹತ್ತಿರತೈತಿ. ನಾ ಮೊದಲ ಅದನ್ನ ಹುಡುಕತೀನಿ.
ಇನ್ನ ಮ್ಯಾಲೆ ಮಡಚಬ್ಯಾಡ. ಬಿಚ್ಚಿದ್ದ ಓದತೀನಿ.
ನಿನ್ನ ಮ್ಯಾಲೆ ನನಗ ಭಾಳ ಜೀವ.»

ಕೆಳಗೆ ಸಹಿ ಏನು ಹಾಕಲಿ? ಚೆಕ್ಕಿನ ಹಾಗೆ ಪೂರ್ತಿ ಸಹಿ ಹಾಕಿದರೆ ಚೆನ್ನಾಗಿರಲ್ಲ.

ಉಣಕಲ್_ಪೋರ

"ನಿನ್ನ ರೀ" ಅಂತ ಹಾಕಿ ಮಾಮಾ. ಅವರು ಕರೆಯೋದೇ ಅದು.

ಬ್ಯಾಡಗಿ_ಖಾರ

ಇದು ಕಾಲೇಜ್ ಹುಡುಗರ ಆಟ.

ಬೆಟಗೇರಿ_ಸೊಸೆ

ನನಗಂತೂ ಬಹಳ ಸೇರಿತು.

ಗದಗ_ಮೊಳೆಗಾರ

ನಾನಾದರೆ ಏನೂ ಹಾಕಲ್ಲ. ಆ ಮನೆಯಲ್ಲಿ ಇನ್ಯಾರು ಬರೆಯುತ್ತಾರೆ? ನಿಮ್ಮಿಷ್ಟ.

ಈಗ ಕಾಗದದ ವಿಷಯ, ಇದರಲ್ಲಿ ನನ್ನ ಮಾತು ಕೇಳಿ. ಒಳಗಿನ ಖಾಲಿ ಜಾಗ ನುಣುಪಾಗಿ ಹೊಳೆಯುತ್ತದೆಯೇ?

ಕ್ಯಾಶ್_ಕೌಂಟರ್

ಹೌದು, ಬೆಳಕಿಗೆ ಹಿಡಿದರೆ ಮಿಂಚುತ್ತದೆ.

ಸಪ್ತಾಪುರ_ಮಾಮಾ

ಅದಕ್ಕೆ ಇಂಕ್ ಪೆನ್ನೇ ಸರಿ. ಇಂಕ್ ಪೆನ್ನಿನ ಅಕ್ಷರದ ಅಂದ ಯಾವುದಕ್ಕೂ ಬರಲ್ಲ.

ಗದಗ_ಮೊಳೆಗಾರ · ಫೆಬ್ರವರಿ 12, ಬೆಳಿಗ್ಗೆ 7:10

ಅಂದ ನಿಜ ಮಾಮಾ, ಆದರೆ ಈ ಕಾಗದಕ್ಕೆ ಅಲ್ಲ. ಹೊಳೆಯುವ ಕಾಗದಕ್ಕೆ ಮೇಲೊಂದು ಲೇಪನ ಇರುತ್ತದೆ, ಅದು ಶಾಯಿ ಕುಡಿಯುವುದಿಲ್ಲ. ಇಂಕು ಮೇಲೇ ಹನಿಯಾಗಿ ನಿಲ್ಲುತ್ತದೆ, ಕೈ ತಾಗಿದರೆ ಬಳಿದುಕೊಳ್ಳುತ್ತದೆ. ಜೆಲ್ ಪೆನ್ನಿಗೂ ಅದೇ ಗತಿ. ಬಾಲ್‌ಪೆನ್ ಜಾರುತ್ತದೆ, ಅಕ್ಷರ ಅಲ್ಲಲ್ಲಿ ಹಾರಿಹೋಗುತ್ತದೆ. ಲಗ್ನಪತ್ರಿಕೆ ಮೇಲೆ ವಿಳಾಸ ಬರೆಯಲು ಹೋಗಿ ಒದ್ದಾಡಿದವರಿಗೆಲ್ಲಾ ಇದು ಗೊತ್ತು.

ಹಾಗಾಗಿ ಕಾರ್ಡ್ ಮೇಲೆ ಬರೆಯಬೇಡಿ. ಬೇರೆ ಕಾಗದದ ಮೇಲೆ ಬರೆದು ಒಳಗೆ ಅಂಟಿಸಿ. ಪ್ರೆಸ್ಸಿನಲ್ಲಿ ಮ್ಯಾಪ್‌ಲಿಥೋ ಅಂತ ಕೇಳಿದರೆ ಹೊಳಪಿಲ್ಲದ ಬಿಳಿ ಕಾಗದ ಕೊಡುತ್ತಾರೆ. ಸಿಗದಿದ್ದರೆ ನಿಮ್ಮ ಆಫೀಸಿನ ಪ್ರಿಂಟರ್ ಹಾಳೆಯೇ ಸಾಕು. ಕಾರ್ಡಿಗಿಂತ ಸುತ್ತಲೂ ಒಂದು ಬೆರಳಷ್ಟು ಚಿಕ್ಕದಾಗಿ ಕತ್ತರಿಸಿ. ಸಾಲು ಸೊಟ್ಟ ಆಗುತ್ತದೆ ಅಂತ ಭಯ ಇದ್ದರೆ ಪೆನ್ಸಿಲ್‌ನಲ್ಲಿ ಗೆರೆ ಹಾಕಬೇಡಿ. ಗೆರೆಯಿರುವ ನೋಟ್‌ಬುಕ್ ಹಾಳೆಯ ಗೆರೆಗಳ ಮೇಲೆ ಕಪ್ಪು ಪೆನ್ನಿನಿಂದ ತಿದ್ದಿ, ಅದನ್ನು ಕೆಳಗೆ ಇಟ್ಟುಕೊಂಡು ಬರೆಯಿರಿ. ಗೆರೆ ತೆಳ್ಳಗೆ ಕಾಣುತ್ತದೆ. ಬರೆದಾದ ಮೇಲೆ ತೆಗೆದುಬಿಡಿ.

ಅಂಟಿಸುವುದಕ್ಕೆ ನೀರಿನ ಗೋಂದು ಬೇಡ, ಕಾಗದ ಸುಕ್ಕಾಗುತ್ತದೆ. ಕಡ್ಡಿಯ ಹಾಗೆ ಬರುವ ಗಟ್ಟಿ ಅಂಟು ಸಿಗುತ್ತದೆ, ಅದನ್ನು ಮಡಿಕೆಯ ಕಡೆಯ ಒಂದೇ ಅಂಚಿಗೆ ಹಚ್ಚಿ. ನಾಲ್ಕೂ ಕಡೆ ಹಚ್ಚಿದರೆ ಕಾರ್ಡ್ ಮಡಚುವಾಗ ಕಾಗದ ಉಬ್ಬುತ್ತದೆ. ಬರೆದ ಮೇಲೆ ಹತ್ತು ನಿಮಿಷ ಹಾಗೇ ಬಿಟ್ಟು, ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿ. ಹತ್ತದಿದ್ದರೆ ಮುಚ್ಚಿ. ಎರಡು ಹಾಳೆ ಹೆಚ್ಚಿಗೆ ಇಟ್ಟುಕೊಳ್ಳಿ, ಮೊದಲನೆಯದು ಕೈ ನಡುಗಿ ಹಾಳಾಗುತ್ತದೆ.

ಕ್ಯಾಶ್_ಕೌಂಟರ್

ನಾಲ್ಕು ಹಾಳೆ ಹಾಳಾದವು. ಐದನೆಯದು ನಿಂತಿದೆ. "ಜೀವ" ಬರೆಯುವಾಗ ಪ್ರತಿ ಸಲ ಅಕ್ಷರ ಸಣ್ಣದಾಗುತ್ತದೆ.

ಹಾವೇರಿ_ಅಕ್ಕ

ಸಣ್ಣದೇ ಇರಲಿ ಬಿಡಿ. ಎಲ್ಲಿ ಇಡುತ್ತೀರಿ? ಕೈಗೆ ಕೊಡುತ್ತೀರಾ?

ಕ್ಯಾಶ್_ಕೌಂಟರ್

ಅಯ್ಯೋ, ಕೈಗೆ ಆಗಲ್ಲ. ಪೇಪರಿನ ಮೂರನೇ ಪುಟದಲ್ಲಿ ಇಡೋಣ ಅಂತ. ಆದರೆ ಅವಳಿಗಿಂತ ಮೊದಲು ಎದ್ದು ಪೇಪರ್ ಹಿಡಿಯಬೇಕು. 27 ವರ್ಷದಲ್ಲಿ ನಾನು ಅವಳಿಗಿಂತ ಮೊದಲು ಎದ್ದ ದಿನ ನೆನಪಿಲ್ಲ.

ಹಾವೇರಿ_ಅಕ್ಕ

ಇನ್ನೊಂದು ನೋಡಿ. 14 ಶನಿವಾರ, ಮರುದಿನ ಭಾನುವಾರ ಶಿವರಾತ್ರಿ. ಶನಿವಾರ ಮುಂಜಾನೆ ಮನೆ ತೊಳೆಯುವ ಗಡಿಬಿಡಿ ಇರುತ್ತದೆ. ಒದ್ದೆ ನೆಲದ ಮೇಲೆ ಪೇಪರ್ ಬಿದ್ದರೆ ಕಾರ್ಡ್ ಹೋಯಿತು. ಮಕ್ಕಳು ಮನೆಯಲ್ಲಿ ಇರುತ್ತಾರಾ? ಅವರ ಮುಂದೆ ಸಿಕ್ಕರೆ ಅವರು ಗಟ್ಟಿಯಾಗಿ ಓದಿ ಎಲ್ಲರ ಮಾನ ತೆಗೆಯುತ್ತಾರೆ.

ಕ್ಯಾಶ್_ಕೌಂಟರ್

ಮಗಳು ಬೆಂಗಳೂರು, ಮಗ ಹಬ್ಬಕ್ಕೆ ಶನಿವಾರ ರಾತ್ರಿ ಬರುತ್ತಾನೆ. ಮುಂಜಾನೆ ನಾವಿಬ್ಬರೇ.

ಲೈನ್_ಬಜಾರ

ಶನಿವಾರ ನುಗ್ಗಿಕೇರಿ ಹನುಮಪ್ಪನಿಗೆ ಹೋಗಿ ಬನ್ನಿ ಇಬ್ಬರೂ. ಬರುವಾಗ ಫೇಡೆ.

ಬ್ಯಾಡಗಿ_ಖಾರ

ಇವರಿಗೆ ಫೇಡೆ ಅಂಗಡಿಯವರು ಕಮಿಷನ್ ಕೊಡುತ್ತಾರಾ?

ಉಣಕಲ್_ಪೋರ · ಫೆಬ್ರವರಿ 14, ಬೆಳಿಗ್ಗೆ 9:30

ಮಾಮಾ ಏನಾಯ್ತು??

ಬೆಟಗೇರಿ_ಸೊಸೆ · ಫೆಬ್ರವರಿ 14, ಮಧ್ಯಾಹ್ನ 1:00

ಅಡುಗೆ ಬಿಟ್ಟು ನಾಲ್ಕು ಸಲ ನೋಡಿದೆ. ಹೇಳ್ರೀ ಅಣ್ಣಾ.

ಕ್ಯಾಶ್_ಕೌಂಟರ್ · ಫೆಬ್ರವರಿ 14, ರಾತ್ರಿ 9:50

ತಡವಾಯಿತು, ಕ್ಷಮಿಸಿ. ಮಗನನ್ನು ಕರೆತರಲು ಹುಬ್ಬಳ್ಳಿ ಸ್ಟೇಷನ್‌ಗೆ ಹೋಗಿದ್ದೆ.

ಐದೂವರೆಗೆ ಎದ್ದೆ. ಅವಳು ಆಗಲೇ ಹಿತ್ತಲಲ್ಲಿ ಕೊಡ ತೊಳೆಯುತ್ತಿದ್ದಳು. ಪೇಪರ್ ಬಂದ ಸದ್ದಾಗಿದ್ದೇ ಓಡಿ ಹೋಗಿ ಮೂರನೇ ಪುಟದಲ್ಲಿ ಕಾರ್ಡ್ ಇಟ್ಟು, ಮೊದಲಿನ ಹಾಗೇ ಮಡಚಲು ನೋಡಿದೆ. ಆಗಲೇ ಇಲ್ಲ. ಮೂರು ಸಲ ಮಡಚಿದರೂ ಅಂಚು ಕೂಡಲಿಲ್ಲ. ಇವಳು ದಿನಾ ಹೇಗೆ ಮಾಡುತ್ತಾಳೋ! ಹಾಗೇ ಬಾಗಿಲ ಒಳಗೆ, ಒಣ ಜಾಗದಲ್ಲಿ ಹಾಕಿ ಬಂದು ಹಾಸಿಗೆಯಲ್ಲಿ ಮುಸುಕು ಹಾಕಿಕೊಂಡೆ. ಸಹಿ ಹಾಕಿರಲಿಲ್ಲ.

ಆರೂವರೆಗೆ ಎದ್ದು ಹೊರಗೆ ಬಂದರೆ ಪೇಪರ್ ಟೀಪಾಯ್ ಮೇಲೆ ಇತ್ತು. ಬಿಚ್ಚಿ ಹಾಕಿದ್ದಳು. ಹಾಳೆಗಳು ಬೇರೆ ಬೇರೆ. ಮೇಲೆ ಅವಳ ಚಸ್ಮಾ. ಕಾರ್ಡ್ ಎಲ್ಲೂ ಕಾಣಲಿಲ್ಲ.

ಅಡುಗೆಮನೆಗೆ ಹೋದೆ. ತಿರುಗಿ ನೋಡಲಿಲ್ಲ. "ರೀ, ನಾಳೆ ಉಪವಾಸಕ್ಕ ಸಾಬೂದಾಣಿ ಇಲ್ಲ, ತಗೊಂಡ ಬರ್ರಿ" ಅಂದಳು. ಎಷ್ಟು ಅಂತ ಕೇಳಿದೆ. ಅರ್ಧ ಕೆಜಿ ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಸಣ್ಣ ಅಕ್ಷರ ಬರೀತೀರಿ, ಚಸ್ಮಾ ಹಾಕ್ಕೊಂಡ್ ಓದಬೇಕಾತು" ಅಂದಳು.

ಅಷ್ಟೇ.

ಹಾವೇರಿ_ಅಕ್ಕ

ಅಷ್ಟೇ ಅಂತೆ! ಬಿಚ್ಚಿ ಹಾಕಿದ್ದಾರಲ್ರೀ!

ಸಪ್ತಾಪುರ_ಮಾಮಾ

ಅರಿಶಿನ ಇತ್ತೋ?

ಕ್ಯಾಶ್_ಕೌಂಟರ್

ಇರಲಿಲ್ಲ ಮಾಮಾ. ನಾಳೆಯೂ ಇರಲ್ಲ, ಉಪವಾಸ. ಸೋಮವಾರ ನೋಡಬೇಕು.

ಲೈನ್_ಬಜಾರ

ಸಾಬೂದಾಣಿ ದಪ್ಪದ್ದು ತಗೊಂಡಿರೋ ಸಣ್ಣದೋ? ಖಿಚಡಿಗೆ ಸಣ್ಣದು ಮುದ್ದೆ ಆಗುತ್ತೆ.

ಕ್ಯಾಶ್_ಕೌಂಟರ್

ಅಯ್ಯೋ, ಸಣ್ಣದು ತಂದಿದ್ದೇನೆ.